ಅದೇ, ಅದೇ, ಕುಂಬಳಕಾಯಿ

ಮಹಾಪ್ರಬಂಧ ಸಲ್ಲಿಸಲು ಮರುದಿನ ಸಂಜೆ ಐದು ಗಂಟೆಯೇ ಕೊನೆ. ಹಿಂದಿನ ದಿನ ಸಂಜೆ ಐದೂವರೆಗೆ ಮಾರ್ಗದರ್ಶಕರ ಫೋನ್ ಬಂತು. ಮುನ್ನುಡಿಯಲ್ಲಿ ಅವರಿಗೆ ಸಲ್ಲಿಸಿದ ಕೃತಜ್ಞತೆ ಸಾಲದಾಯಿತೇನೋ ಎಂದುಕೊಂಡೇ ಎತ್ತಿಕೊಂಡೆ.

"ನೋಡಮ್ಮಾ, ನಿನ್ನ ಎರಡನೆಯ ಅಧ್ಯಾಯದಲ್ಲಿ ನೀರುಗಂಟಿ ತೂಬು ತೆಗೆದು ಗದ್ದೆಗೆ ನೀರು ಬಿಡುತ್ತಿದ್ದಾನೆ. ಮೂರನೆಯದರಲ್ಲಿ ಕೆರೆಗೆ ಹೂಳು ತುಂಬುತ್ತದೆ. ಕೆರೆ ಕಟ್ಟುವುದು ನಾಲ್ಕನೆಯ ಅಧ್ಯಾಯದಲ್ಲಿ. ಅಲ್ಲಿಯವರೆಗೆ ಆ ಮನುಷ್ಯ ನೀರನ್ನು ಎಲ್ಲಿಂದ ತರುತ್ತಾನೆ?"

ಕೋಲಾರ ಸೀಮೆಯ ಕೆರೆಗಳ ಬಗ್ಗೆ ನಾಲ್ಕು ವರ್ಷ ಬರೆದವಳಿಗೆ ಇದು ಹೊಳೆದಿರಲಿಲ್ಲ. ಓದಿದವರಿಗೂ ಹೊಳೆದಿರಲಿಲ್ಲ, ಏಕೆಂದರೆ ಅವರು ಒಂದೊಂದು ಅಧ್ಯಾಯವನ್ನು ಒಂದೊಂದು ವರ್ಷ ಓದಿದ್ದರು. ಕಾರಣ ಬಹಳ ಸರಳ. ನಾನು ಮೊದಲು ಹಳ್ಳಿಗಳಿಗೆ ಹೋಗಿ ನೀರುಗಂಟಿಗಳನ್ನು ಮಾತನಾಡಿಸಿದೆ, ಹಾಗಾಗಿ ಅದು ಮೊದಲು ಮುಗಿಯಿತು. ಶಾಸನಗಳನ್ನು ಓದಲು ಕಲಿತದ್ದೇ ಕೊನೆಗೆ, ಹಾಗಾಗಿ ಕೆರೆ ಕಟ್ಟುವ ಕೆಲಸ ಕೊನೆಗೆ ಬಂತು. ಪ್ರಬಂಧದ ಅಧ್ಯಾಯಗಳು ಕೆರೆಯ ಚರಿತ್ರೆಯನ್ನು ಹೇಳುತ್ತಿರಲಿಲ್ಲ, ನನ್ನ ಚರಿತ್ರೆಯನ್ನು ಹೇಳುತ್ತಿದ್ದವು.

"ನಾಲ್ಕನೆಯದನ್ನು ಎತ್ತಿ ಎರಡನೆಯ ಜಾಗದಲ್ಲಿ ಇಡು, ಅಷ್ಟೇ. ಹಾಗೆಯೇ ಬುಕಾನನ್ ಕೆರೆ ಏರಿಗಳ ಬಗ್ಗೆ ಹೇಳಿದ ಆ ನಾಲ್ಕು ಪ್ಯಾರಾ ನೀರು ಹಂಚುವ ಕಡೆ ಯಾಕಿವೆ? ಅವನ್ನೂ ಕಟ್ಟುವ ಅಧ್ಯಾಯಕ್ಕೆ ಕಳಿಸು. ಹತ್ತು ನಿಮಿಷದ ಕೆಲಸ" ಎಂದು ಫೋನ್ ಇಟ್ಟರು.

ಒಂದು ಲೆಕ್ಕದಲ್ಲಿ ಅದು ಹತ್ತು ನಿಮಿಷದ ಕೆಲಸವೂ ಅಲ್ಲ, ಹತ್ತು ಸೆಕೆಂಡಿನದು. ವರ್ಡ್‌ನಲ್ಲಿ ಶೀರ್ಷಿಕೆಗಳಿಗೆ ಹೆಡಿಂಗ್ ಶೈಲಿ ಕೊಟ್ಟಿದ್ದರೆ ಎಡಗಡೆ ಅವುಗಳ ಪಟ್ಟಿ ಕಾಣುತ್ತದೆ. ಅಲ್ಲಿ ಅಧ್ಯಾಯದ ಹೆಸರನ್ನು ಹಿಡಿದು ಮೇಲಕ್ಕೆ ಎಳೆದರೆ ಅರವತ್ತು ಪುಟಗಳು ಕುರಿಮರಿಗಳಂತೆ ಹಿಂದೆಯೇ ಬರುತ್ತವೆ. ಅಡಿಟಿಪ್ಪಣಿಗಳೂ ಜೊತೆಯಲ್ಲೇ ಬಂದು ತಮ್ಮ ಸಂಖ್ಯೆಯನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಎಳೆದೆ, ಬಂದವು. ಬುಕಾನನ್ನನನ್ನು ಕತ್ತರಿಸಿ ಅಂಟಿಸಿದೆ. ಆರು ಗಂಟೆಗೆಲ್ಲ ಮುಗಿಯಿತು ಎಂದು ಹಾಸ್ಟೆಲಿನ ಮೆಸ್ಸಿಗೆ ಹೋಗಿ ಎರಡು ಚಪಾತಿ ಹೆಚ್ಚಿಗೆ ತಿಂದೆ. ಇಡೀ ರಾತ್ರಿಯಲ್ಲಿ ನಾನು ನೆಮ್ಮದಿಯಿಂದ ಮಾಡಿದ ಕೊನೆಯ ಕೆಲಸ ಅದು.

ಊಟ ಮುಗಿಸಿ ಬಂದು ಹೊಸ ಎರಡನೆಯ ಅಧ್ಯಾಯವನ್ನು ತೆರೆದರೆ ಮೊದಲ ಸಾಲೇ "ಎರಡನೆಯ ಅಧ್ಯಾಯದಲ್ಲಿ ಈಗಾಗಲೇ ನೋಡಿದಂತೆ" ಎಂದಿತ್ತು. ಎರಡನೆಯ ಅಧ್ಯಾಯ ತನ್ನನ್ನು ತಾನೇ ಈಗಾಗಲೇ ನೋಡಿಬಿಟ್ಟಿತ್ತು! ಹುಡುಕಿದರೆ ಇಂಥ ಮೂವತ್ತೊಂದು ಉಲ್ಲೇಖಗಳು ಸಿಕ್ಕವು. ಇವನ್ನು ಮೆನುವಿನಿಂದ ಅಡ್ಡ ಉಲ್ಲೇಖವಾಗಿ ಸೇರಿಸಿದ್ದರೆ ಎಲ್ಲವನ್ನೂ ಆಯ್ದು F9 ಒತ್ತಿದರೆ ಸಾಕಿತ್ತು, ತಾವೇ ಬದಲಾಗುತ್ತಿದ್ದವು. ನಾನು ಎಲ್ಲವನ್ನೂ ಕೈಯಾರೆ ಟೈಪು ಮಾಡಿದ್ದೆ. ನಾಲ್ಕು ವರ್ಷಗಳ ಹಿಂದಿನ ನನಗೆ ಅಧ್ಯಾಯಗಳ ಸಂಖ್ಯೆ ಎಂದರೆ ಶಿಲಾಶಾಸನ.

ಇರಲಿ, ಹುಡುಕಿ ಬದಲಿಸುವ ಸೌಲಭ್ಯವಿದೆಯಲ್ಲ. ಹಳೆಯ ಎರಡು ಈಗ ಮೂರು, ಹಳೆಯ ಮೂರು ಈಗ ನಾಲ್ಕು, ಹಳೆಯ ನಾಲ್ಕು ಈಗ ಎರಡು. ಮೊದಲು "ಎರಡನೆಯ ಅಧ್ಯಾಯ" ಇದ್ದಲ್ಲೆಲ್ಲ "ಮೂರನೆಯ ಅಧ್ಯಾಯ" ಮಾಡಿದೆ. ಆಮೇಲೆ ಮೂರನ್ನು ನಾಲ್ಕು ಮಾಡಿದೆ. ಕೊನೆಗೆ ನಾಲ್ಕನ್ನು ಎರಡು ಮಾಡಿದೆ. ಮೂರು ಸಲ Replace All ಒತ್ತಿ ತಿರುಗಿ ನೋಡಿದರೆ ಮೂವತ್ತೊಂದೂ ಕಡೆ "ಎರಡನೆಯ ಅಧ್ಯಾಯ" ಎಂದೇ ಇತ್ತು.

ಐದು ನಿಮಿಷ ತಲೆಯ ಮೇಲೆ ಕೈಹೊತ್ತು ಕುಳಿತ ಮೇಲೆ ಅರ್ಥವಾಯಿತು. ಮೊದಲ ಸುತ್ತಿನಲ್ಲಿ ಮೂರಾದ ಎರಡುಗಳು ಮೊದಲಿನಿಂದಲೂ ಮೂರಾಗಿದ್ದವುಗಳ ಜೊತೆ ಬೆರೆತುಹೋಗಿದ್ದವು. ಎರಡನೆಯ ಸುತ್ತಿನಲ್ಲಿ ಅವೆಲ್ಲ ಒಟ್ಟಾಗಿ ನಾಲ್ಕಾದವು, ಮೂರನೆಯದರಲ್ಲಿ ಒಟ್ಟಾಗಿ ಎರಡಾದವು. ಮೂರು ಕೆರೆಗಳ ನೀರನ್ನು ಒಂದರೊಳಗೊಂದು ಹರಿಸಿ, ಈಗ ಯಾವುದು ಯಾವ ಕೆರೆಯ ನೀರು ಹೇಳು ಎಂದಂತಾಗಿತ್ತು. ಮೂರು ಹೆಜ್ಜೆ ಹಿಂದಕ್ಕೆ ಹೋದೆ.

ಇಲ್ಲಿ ಮಾಡಬೇಕಾದದ್ದು ಒಂದನ್ನು ಸ್ವಲ್ಪ ಹೊತ್ತು ದಡದ ಮೇಲೆ ಇಡುವುದು. ಹಳೆಯ ನಾಲ್ಕಕ್ಕೆ ಯಾವುದಾದರೂ ಸಂಬಂಧವಿಲ್ಲದ ಹೆಸರು ಕೊಟ್ಟು ಬದಿಗೆ ಸರಿಸಬೇಕು. ಆಮೇಲೆ ಮೂರನ್ನು ನಾಲ್ಕು ಮಾಡಿ, ಎರಡನ್ನು ಮೂರು ಮಾಡಿ, ಕೊನೆಗೆ ಬದಿಗಿಟ್ಟದ್ದನ್ನು ಎರಡು ಮಾಡಬೇಕು. ಆ ಬದಲಿ ಹೆಸರು ಪ್ರಬಂಧದಲ್ಲಿ ಬೇರೆಲ್ಲೂ ಬಂದಿರಬಾರದು. "ಬಾಳೆ" ಹುಡುಕಿದೆ, ಕೆರೆಯ ಕೆಳಗಿನ ತೋಟಗಳಲ್ಲಿ ಬೇಕಾದಷ್ಟಿತ್ತು. "ತೆಂಗು" ಇತ್ತು, "ಕಬ್ಬು" ಇತ್ತು. "ಕುಂಬಳಕಾಯಿ" ಒಂದೂ ಇರಲಿಲ್ಲ. ರಾತ್ರಿ ಹನ್ನೊಂದೂಕಾಲಕ್ಕೆ ನನ್ನ ಪ್ರಬಂಧದಲ್ಲಿ "ಕುಂಬಳಕಾಯಿ ಅಧ್ಯಾಯದಲ್ಲಿ ವಿವರಿಸಲಾಗುವುದು" ಎಂಬ ಘನಗಂಭೀರ ವಾಕ್ಯಗಳು ಕಾಣಿಸಿಕೊಂಡವು. "ಮೂರು ಮತ್ತು ನಾಲ್ಕನೆಯ ಅಧ್ಯಾಯಗಳಲ್ಲಿ" ಎಂಬಂಥವು ಈ ಬಲೆಗೆ ಪೂರ್ತಿಯಾಗಿ ಬೀಳುವುದಿಲ್ಲವಾದ್ದರಿಂದ ಅವನ್ನು ಹುಡುಕಿ ಕೈಯಿಂದಲೇ ತಿದ್ದಿದೆ. ಆಮೇಲೆ ಕುಂಬಳಕಾಯಿಯನ್ನು ಎರಡು ಮಾಡಿ, ಮತ್ತೊಮ್ಮೆ ಹುಡುಕಿ, ಒಂದೂ ಸಿಗಲಿಲ್ಲವೆಂದು ಖಾತರಿ ಮಾಡಿಕೊಂಡೆ.

ನಿಜವಾದ ರಾತ್ರಿ ಶುರುವಾದದ್ದು ಆಮೇಲೆ. ಅದರ ಹೆಸರು "ಅದೇ".

ಸಂಶೋಧನೆ ಮಾಡದ ಪುಣ್ಯವಂತರಿಗೆ ಹೇಳುತ್ತೇನೆ. ಅಡಿಟಿಪ್ಪಣಿಯಲ್ಲಿ ಒಂದು ಪುಸ್ತಕದ ಹೆಸರನ್ನು ಒಮ್ಮೆ ಪೂರ್ತಿ ಬರೆದ ಮೇಲೆ, ಮುಂದಿನ ಟಿಪ್ಪಣಿಯೂ ಅದೇ ಪುಸ್ತಕದ್ದಾದರೆ "ಅದೇ" ಎಂದು ಬರೆದು ಪುಟಸಂಖ್ಯೆ ಕೊಟ್ಟರೆ ಸಾಕು. ಈ ಪದಕ್ಕೆ ಸ್ವಂತ ಬುದ್ಧಿಯಿಲ್ಲ. ತಲೆಯ ಮೇಲೆ ಯಾರು ಕುಳಿತಿದ್ದಾರೋ ಅವರ ಕಡೆಗೆ ಬೆರಳು ತೋರಿಸುತ್ತದೆ. ಇಡೀ ಅಧ್ಯಾಯ ಒಟ್ಟಿಗೆ ಸರಿದರೆ ಅಷ್ಟೇನೂ ತೊಂದರೆಯಿಲ್ಲ, ಮೇಲಿನವರೂ ಜೊತೆಗೇ ಬಂದಿರುತ್ತಾರೆ. ನಡುವಿನಿಂದ ನಾಲ್ಕು ಪ್ಯಾರಾ ಕಿತ್ತರೆ ಮಾತ್ರ ಪ್ರಮಾದ.

ಬುಕಾನನ್ ಮೈಸೂರು ಸೀಮೆಯಲ್ಲಿ ಸುತ್ತಿದ್ದು 1800–01ರಲ್ಲಿ. ಅವನ ಪ್ರವಾಸದ ಪುಸ್ತಕ ಲಂಡನ್ನಿನಲ್ಲಿ ಅಚ್ಚಾದದ್ದು 1807ರಲ್ಲಿ. ಕೋಲಾರ ಜಿಲ್ಲೆಯ ಶಾಸನಗಳಿರುವ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವನ್ನು ರೈಸ್ ಹೊರತಂದದ್ದು 1905ರಲ್ಲಿ. ನಾನು ಎತ್ತಿದ ನಾಲ್ಕು ಪ್ಯಾರಾಗಳ ಮೊದಲ ಟಿಪ್ಪಣಿ "ಅದೇ" ಎಂದಿತ್ತು. ಪುಸ್ತಕದ ಪೂರ್ತಿ ಹೆಸರು ಹಿಂದಿನ ಪ್ಯಾರಾದಲ್ಲಿತ್ತು, ಅದನ್ನು ಅಲ್ಲೇ ಬಿಟ್ಟು ಬಂದಿದ್ದೆ. ಹೊಸ ಜಾಗದಲ್ಲಿ ಅದರ ತಲೆಯ ಮೇಲೆ ಇದ್ದದ್ದು ರೈಸ್. ಹೀಗಾಗಿ ಬುಕಾನನ್ ಕಣ್ಣಾರೆ ಕಂಡ ಏರಿಗಳನ್ನೆಲ್ಲ ಶಾಸನ ಸಂಪುಟವೊಂದು ನೂರು ವರ್ಷ ತಡವಾಗಿ ಕಂಡಿತ್ತು.

ಇದು ಒಂದು ಕಡೆಯ ಗಾಯ. ಆ ಪ್ಯಾರಾಗಳ ಕೆಳಗೆ ಬಿತ್ತುವಟ್ಟದ ಬಗ್ಗೆ, ಎಂದರೆ ಕೆರೆ ಕಟ್ಟಿದವನಿಗೆ, ಅದರ ದುರಸ್ತಿಗೆ ಬಿಟ್ಟುಕೊಡುತ್ತಿದ್ದ ಭೂಮಿಯ ಬಗ್ಗೆ ಬರೆದಿದ್ದೆ. ಅಲ್ಲಿಯ "ಅದೇ" ಮೊದಲು ರೈಸನನ್ನು ತೋರಿಸುತ್ತಿತ್ತು. ನಡುವೆ ಬುಕಾನನ್ನನ ಪ್ಯಾರಾಗಳು ಬಂದು ಕುಳಿತದ್ದರಿಂದ ಈಗ ಅವುಗಳ ಕೊನೆಯಲ್ಲಿ ಉಲ್ಲೇಖಿಸಿದ್ದ ಜಿಲ್ಲಾ ಗೆಜೆಟಿಯರು ಶಾಸನ ಓದತೊಡಗಿತು. ಇನ್ನು ಪ್ಯಾರಾಗಳನ್ನು ಕಿತ್ತುತಂದ ಹಳೆಯ ಜಾಗದಲ್ಲಿ, ಆ ಗುಂಡಿಯ ಕೆಳಗೆ, ಮತ್ತೊಂದು "ಅದೇ" ಇತ್ತು. ಮೊದಲು ಅದು ಆ ಗೆಜೆಟಿಯರನ್ನೇ ತೋರಿಸುತ್ತಿತ್ತು. ಗೆಜೆಟಿಯರು ಪ್ಯಾರಾದ ಜೊತೆ ಹೊರಟುಹೋದ ಮೇಲೆ ಅದು ಬುಕಾನನ್ನನ ಕಡೆಗೆ ತಿರುಗಿತ್ತು. ಒಂದು ತುಂಡು ಎತ್ತಿಟ್ಟರೆ ಹೊಲಿಗೆ ಬಿಚ್ಚುವುದು ಮೂರು ಕಡೆ: ಬಂದ ಜಾಗದ ಮೇಲೆ, ಬಂದ ಜಾಗದ ಕೆಳಗೆ, ಬಿಟ್ಟುಬಂದ ಜಾಗದಲ್ಲಿ. ಇದನ್ನು ಯಾವ ಯಂತ್ರವೂ ಕೆಂಪು ಗೆರೆ ಎಳೆದು ತೋರಿಸುವುದಿಲ್ಲ. "ಅದೇ" ಎಂಬುದರಲ್ಲಿ ಕಾಗುಣಿತದ ತಪ್ಪೇನೂ ಇಲ್ಲವಲ್ಲ.

ಪಾರಾಗಲು ಇದ್ದ ದಾರಿ ಒಂದೇ. ಹಳೆಯ ಪ್ರತಿಯನ್ನು ಇನ್ನೊಂದು ಕಿಟಕಿಯಲ್ಲಿ ತೆರೆದಿಟ್ಟುಕೊಂಡು, ಪ್ರತಿ "ಅದೇ" ಮೊದಲು ಯಾರನ್ನು ತೋರಿಸುತ್ತಿತ್ತು ಎಂದು ನೋಡಿ, ಹೊಲಿಗೆ ಬಿಚ್ಚಿದ ಕಡೆಯೆಲ್ಲ ಪುಸ್ತಕದ ಹೆಸರನ್ನು ಪೂರ್ತಿ ಬರೆಯುವುದು. ಇದನ್ನು ಕತ್ತರಿಸುವ ಮೊದಲೇ ಮಾಡಬೇಕಿತ್ತು ಎಂಬ ಜ್ಞಾನೋದಯ ಎರಡೂವರೆಗೆ ಆಯಿತು. ರಾತ್ರಿ ಎರಡೂವರೆಗೆ ಜ್ಞಾನೋದಯವಾದವರು ಮನೆ ಬಿಟ್ಟು ಹೋಗುತ್ತಾರೆ, ನಾನು ಚಹಾ ಮಾಡಿಕೊಂಡೆ.

ಕೊಠಡಿಯ ಗೆಳತಿ ರಸಾಯನಶಾಸ್ತ್ರದವಳು. ಕೆಟಲಿನ ಸದ್ದಿಗೆ ಎದ್ದು, "ಇನ್ನೂ ಮುಗಿಯಲಿಲ್ಲವೇ? ನಿಮ್ಮದು ಬರೀ ಬರವಣಿಗೆ ತಾನೇ?" ಎಂದು ಕೇಳಿ ಮತ್ತೆ ಮಲಗಿದಳು. ಬಿಸಿ ಚಹಾ ಕೈಯಲ್ಲಿದ್ದರೂ ಏನೂ ಮಾಡದೆ ಸುಮ್ಮನಿದ್ದೆನಲ್ಲ, ಆ ಸಂಯಮಕ್ಕೇ ಒಂದು ಪದವಿ ಕೊಡಬಹುದಿತ್ತು.

ಬೆಳಗಿನ ಐದಕ್ಕೆ ಉಳಿದದ್ದು ಪರಿವಿಡಿ. ಪುಟಸಂಖ್ಯೆಗಳು ಬದಲಾಗಿದ್ದವು, ಹೊಸದಾಗಿಸು ಎಂದು ಒತ್ತಿದೆ. ಕ್ಷಣಾರ್ಧದಲ್ಲಿ ಇಡೀ ಪರಿವಿಡಿ ಯಾವುದೋ ಯುರೋಪಿನ ಭಾಷೆಗೆ ಮತಾಂತರವಾಯಿತು. ಕೆರೆ ಎಂದಿದ್ದಲ್ಲೆಲ್ಲ PÉgÉ ಎಂದಿತ್ತು. ನಾನು ಬಳಸಿದ್ದು ಹಳೆಯ ನುಡಿ ಫಾಂಟು. ಅದರಲ್ಲಿ ಒಳಗಿರುವುದು ರೋಮನ್ ಚಿಹ್ನೆಗಳೇ, ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕಿರುತ್ತದೆ. ಶೀರ್ಷಿಕೆಯ ಶೈಲಿಯಲ್ಲಿ ಆ ಫಾಂಟು ಕೊಟ್ಟಿದ್ದೆ. ಪರಿವಿಡಿಗೆ ತನ್ನದೇ ಬೇರೆ ಶೈಲಿ ಇರುತ್ತದೆ, ಅದಕ್ಕೆ ಕೊಟ್ಟಿರಲಿಲ್ಲ. ಹಿಂದೆಲ್ಲ ಕೈಯಿಂದ ಬಣ್ಣ ಬಳಿದಿದ್ದೆ, ಹೊಸದಾಗಿಸಿದಾಗ ಅದು ತೊಳೆದುಹೋಯಿತು. ಪರಿವಿಡಿಯ ಶೈಲಿಯಲ್ಲೇ ಫಾಂಟು ಬದಲಿಸಿದ ಮೇಲೆ ಕೆರೆಗಳು ಮರಳಿ ಬಂದವು. ಅಂಗಡಿಯ ಕಂಪ್ಯೂಟರಿನಲ್ಲಿ ಮತ್ತೆ ವೇಷ ಕಳಚಬಾರದೆಂದು ಪಿಡಿಎಫ್ ಮಾಡಿಕೊಂಡೆ.

ಒಂಬತ್ತಕ್ಕೆ ಅಂಗಡಿಯ ಬಾಗಿಲು ತೆಗೆಯುವಾಗ ನಾನು ಮೆಟ್ಟಿಲ ಮೇಲೆ ಕುಳಿತಿದ್ದೆ. ಐದು ಪ್ರತಿ, ಕಪ್ಪು ರೆಕ್ಸಿನ್, ಚಿನ್ನದ ಬಣ್ಣದ ಅಕ್ಷರ. "ಗೋಂದು ಒಣಗಬೇಕಲ್ಲ ಮೇಡಂ" ಎಂದರು ಬೈಂಡಿಂಗಿನವರು. ಫ್ಯಾನ್ ಹಾಕಿಸಿದೆ. ನಾಲ್ಕೂ ನಲವತ್ತಕ್ಕೆ ಇನ್ನೂ ತೇವವಿದ್ದ ಐದು ಪ್ರತಿಗಳನ್ನು ಮಗುವಿನಂತೆ ಎದೆಗವಚಿಕೊಂಡು ಹೋಗಿ ಸಲ್ಲಿಸಿ, ನನ್ನ ಬಿಳಿ ಕುರ್ತಾದ ಮೇಲೆ ಪದವಿಯ ಹೆಸರು ಚಿನ್ನದ ಬಣ್ಣದಲ್ಲಿ ಉಲ್ಟಾ ಮೂಡಿದ್ದನ್ನು ಹಾಸ್ಟೆಲಿಗೆ ಬಂದ ಮೇಲೆ ಕಂಡೆ.

ಏಳು ತಿಂಗಳ ನಂತರ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಹಿರಿಯರು, ಮೆಲುದನಿಯವರು. ಬಿತ್ತುವಟ್ಟದ ಬಗ್ಗೆ ಕೇಳಿದರು, ಹೇಳಿದೆ. ಬುಕಾನನ್ನನ ಟಿಪ್ಪಣಿಗಳನ್ನು ಒಂದೊಂದಾಗಿ ತಿರುವಿದರು, ಎಲ್ಲವೂ ಸರಿಯಿದ್ದವು. ನಾನು ಕುರ್ಚಿಗೆ ಸ್ವಲ್ಪ ಒರಗಿಕೊಂಡೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಒಂದು ಪುಟದ ಮೇಲೆ ಬೆರಳಿಟ್ಟರು. ಅಂದು ಕೈಯಿಂದ ತಿದ್ದಿದ ಸಾಲುಗಳಲ್ಲಿ ಒಂದು. ನಿದ್ದೆಗಣ್ಣಿನಲ್ಲಿ ನಡುವೆ ಒಂದು ಜಾಗ ಬಿಟ್ಟು ಟೈಪು ಮಾಡಿದ್ದೆ, ಆ ಜಾಗದಿಂದಾಗಿಯೇ ಹುಡುಕಾಟಕ್ಕೆ ಸಿಗದೆ ತಪ್ಪಿಸಿಕೊಂಡಿತ್ತು.

"ಇಲ್ಲಿ 'ನಾಲ್ಕು ಮತ್ತು ಕುಂಬಳ ಕಾಯಿ ಅಧ್ಯಾಯಗಳಲ್ಲಿ' ಎಂದಿದೆ. ಇದು ಯಾವುದಮ್ಮಾ?"

ಉತ್ತರ ಹೊಳೆಯುವ ಮೊದಲೇ ನನ್ನ ಕೈ ಹೆಗಲು ಮುಟ್ಟಿ ನೋಡಿಕೊಂಡಿತ್ತು.