ಸತ್ಯಾಂಶ: ಗಿಡ ಮಣ್ಣು ತಿಂದು ಬೆಳೆಯುತ್ತಾ?

"ಗಿಡ ಮಣ್ಣು ತಿಂದೇ ಬೆಳೆಯುತ್ತೆ. ಹಾಗಾಗಿ ಆಹಾರ ಸರಪಳಿಯ ಬುಡ ಮಣ್ಣು, ಗಿಡ ಅಲ್ಲ."

ಮಕ್ಕಳೇ, ಈ ವಾಟ್ಸಾಪ್ ಮಾತು ತಪ್ಪು. 17ನೇ ಶತಮಾನದಲ್ಲಿ ವ್ಯಾನ್ ಹೆಲ್ಮಾಂಟ್ ಎಂಬುವರು ಸುಮಾರು 90 ಕಿಲೋ ಒಣ ಮಣ್ಣು ತೂಗಿ ಕುಂಡಕ್ಕೆ ಹಾಕಿದರು. ಎರಡು ಕಿಲೋ ಚಿಲ್ಲರೆ ತೂಕದ ವಿಲ್ಲೋ ಸಸಿ ನೆಟ್ಟು, 5 ವರ್ಷ ಬರೀ ನೀರು ಹಾಕಿದರು. ಮರ 76 ಕಿಲೋ ದಾಟಿತು. ಮಣ್ಣು ಕಡಿಮೆಯಾಗಿದ್ದು 60 ಗ್ರಾಮಿನಷ್ಟು! ಎಲ್ಲಾ ನೀರಿನಿಂದಲೇ ಬಂತು ಅಂದುಕೊಂಡರು, ಪಾಪ. ಗಾಳಿಯ ಲೆಕ್ಕ ಬಿಟ್ಟುಹೋಯಿತು.

ನಮ್ಮ ಸಿಂಧನೂರಿನ ಭತ್ತವೂ ಹಾಗೆಯೇ. ಎಲೆ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು, ಬೇರಿನ ನೀರು ಸೇರಿಸಿ, ಬಿಸಿಲಿನ ಬಲದಿಂದ ಸಕ್ಕರೆ ಮಾಡುತ್ತದೆ. ಮಣ್ಣಿನ ಸಾರಜನಕ, ರಂಜಕ ಬೇಕೇ ಬೇಕು, ಆದರೆ ಅದು ಊಟಕ್ಕೆ ಉಪ್ಪು ಇದ್ದ ಹಾಗೆ. ಮಿಡತೆಗೆ, ಕಪ್ಪೆಗೆ, ಹಾವಿಗೆ ದಾಟುತ್ತಾ ಹೋಗುವುದು ಆ ಸಕ್ಕರೆಯ ಶಕ್ತಿ. ಸಮುದ್ರದಲ್ಲಿ ಈ ಅಡುಗೆ ಹೆಚ್ಚಾಗಿ ಪಾಚಿಯದು.