ಹೇಗಿತ್ತು ಪ್ರವಾಸ?

ಪ್ರವಾಸ ಮುಗಿಸಿ ಬಂದವರನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಹೇಗಿತ್ತು?’ ಆರು ದಿನದ ಪ್ರವಾಸವೆಂದರೆ ನಿದ್ದೆ ಕಳೆದು ಉಳಿಯುವ ಗಂಟೆಗಳೇ ತೊಂಬತ್ತು ದಾಟುತ್ತವೆ. ಅಷ್ಟೂ ಗಂಟೆಗಳನ್ನು ಹಿಂಡಿ ಒಂದು ಮಾತಿನಲ್ಲಿ ಕೊಡಬೇಕು. ಕೇಳಿದವರಾದರೂ ಬಾಗಿಲಲ್ಲಿ ನಿಂತಿರುತ್ತಾರೆ, ಅವರಿಗೂ ಬೇರೆ ಕೆಲಸವಿರುತ್ತದೆ. ಹೋದ ಸಲ ಪಕ್ಕದ ಮನೆಯವರು ಕೇಳಿದಾಗ ನಾನು ಹಿಂದೆ ಮುಂದೆ ನೋಡದೆ ‘ಸಾಕಾಗಿ ಹೋಯಿತು’ ಎಂದೆ. ಅದೇ ಉಸಿರಿನಲ್ಲಿ ನನ್ನ ಹೆಂಡತಿ ‘ತುಂಬಾ ಚೆನ್ನಾಗಿತ್ತು’ ಎಂದಳು. ಪಕ್ಕದ ಮನೆಯವರು ನಮ್ಮಿಬ್ಬರ ಮುಖವನ್ನೂ ಒಮ್ಮೆ ನೋಡಿ, ನಾವು ಬೇರೆ ಬೇರೆ ಊರಿಗೆ ಹೋಗಿದ್ದೆವೇನೋ ಎಂಬಂತೆ ನಕ್ಕು ಒಳಗೆ ಹೋದರು.

ಹೋದದ್ದು ಒಂದೇ ಊರಿಗೆ, ಒಂದೇ ಬಸ್ಸಿನಲ್ಲಿ. ಹಿಂದಿರುಗುವ ದಿನ ಆ ಬಸ್ಸು ಕೆಟ್ಟು ನಿಂತಿತು. ಬದಲಿ ಬಸ್ಸಿಗಾಗಿ ನಾಲ್ಕು ಗಂಟೆ ರಸ್ತೆಯ ಪಕ್ಕದಲ್ಲಿ ಕಾದೆವು. ಸಾಲದೆಂಬಂತೆ ಸೂಟ್‌ಕೇಸಿನ ಒಂದು ಚಕ್ರ ಕಳಚಿ ಉರುಳಿಕೊಂಡು ಮೋರಿಗೆ ಬಿತ್ತು. ಉಳಿದ ಒಂಟಿ ಚಕ್ರದ ಮೇಲೆ ಆ ಪೆಟ್ಟಿಗೆಯನ್ನು ಎಳೆಯುವಾಗ ಹೊರಟ ಕರಕರ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅದಕ್ಕೂ ಹಿಂದಿನ ಐದು ದಿನಗಳು ಆ ಸದ್ದಿನ ಅಡಿಗೆ ಸಿಕ್ಕಿಕೊಂಡುಬಿಟ್ಟಿವೆ.

ನನ್ನ ಹೆಂಡತಿಗೆ ಲೆಕ್ಕ ಬರೆಯುವ ಅಭ್ಯಾಸವಿದೆ. ಖರ್ಚಿನ ಜೊತೆಗೆ ಆ ದಿನ ಹೇಗಿತ್ತೆಂದು ಹತ್ತಕ್ಕೆ ಇಷ್ಟು ಎಂದು ಅಂಕವನ್ನೂ ಹಾಕುತ್ತಾಳೆ. ಪುಸ್ತಕ ತೆರೆಸಿ ನೋಡಿದೆ. ಮೊದಲ ದಿನ 7, ಎರಡನೆಯದು 8, ಮೂರನೆಯದು 7. ಮಂಜು ಸರಿದು ಇಡೀ ಕಣಿವೆ ಕಣ್ಣಮುಂದೆ ಬಿಚ್ಚಿಕೊಂಡ ನಾಲ್ಕನೆಯ ದಿನ 9. ಐದನೆಯದಕ್ಕೆ 7. ಬಸ್ಸು ಕೆಟ್ಟ ಆರನೆಯ ದಿನಕ್ಕೆ 2. ಒಟ್ಟು ನಲವತ್ತು, ಆರರಿಂದ ಭಾಗಿಸಿದರೆ ಆರೂಮುಕ್ಕಾಲಿಗೆ ಹತ್ತಿರ. ಶಾಲೆಯ ಭಾಷೆಯಲ್ಲಿ ಹೇಳುವುದಾದರೆ ಪ್ರಥಮ ದರ್ಜೆ. ಹಾಗಿದ್ದ ಮೇಲೆ ನಾನು ಅದನ್ನು ನಪಾಸು ಮಾಡಿದ್ದು ಯಾವ ಲೆಕ್ಕದಲ್ಲಿ?

ಆ ಲೆಕ್ಕಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಹೆಸರಿದೆ, ‘ಶಿಖರ–ಅಂತ್ಯ ನಿಯಮ’. ಒಂದು ಅನುಭವವನ್ನು ಆಮೇಲೆ ತೂಗಿ ನೋಡುವಾಗ ಮನಸ್ಸು ಅದರ ಪ್ರತಿ ಗಳಿಗೆಯನ್ನೂ ಕೂಡಿಸುವುದಿಲ್ಲ. ಅತಿ ತೀವ್ರವಾಗಿದ್ದ ಗಳಿಗೆ ಮತ್ತು ಕೊನೆಯ ಗಳಿಗೆ, ಇವೆರಡನ್ನು ಹೆಕ್ಕಿಕೊಂಡು ಹೆಚ್ಚುಕಡಿಮೆ ಅವುಗಳ ಸರಾಸರಿಯನ್ನೇ ಇಡೀ ಅನುಭವದ ಬೆಲೆಯೆಂದು ಹೇಳುತ್ತದೆ. ಅನುಭವ ಎಷ್ಟು ಹೊತ್ತು ನಡೆಯಿತು ಎಂಬುದು ಈ ಲೆಕ್ಕದಲ್ಲಿ ಸೇರುವುದೇ ಇಲ್ಲವೆನ್ನಬಹುದು. ನನ್ನ ಪ್ರವಾಸಕ್ಕೆ ಇದನ್ನು ಹಚ್ಚಿದರೆ ಒಂಬತ್ತು ಮತ್ತು ಎರಡರ ಸರಾಸರಿ, ಐದೂವರೆ. ಅದೇ ಬಸ್ಸು ಹೋಗುವಾಗ ಕೆಟ್ಟು, ಬರುವ ದಾರಿ ಸಲೀಸಾಗಿ, ಕೊನೆಯ ದಿನಕ್ಕೆ 7 ಬಿದ್ದಿದ್ದರೆ ಒಟ್ಟು ಅಂಕ ಒಂದು ಚೂರೂ ಬದಲಾಗುತ್ತಿರಲಿಲ್ಲ. ನೆನಪಿನ ಅಂಕ ಮಾತ್ರ ಎಂಟಕ್ಕೆ ಏರುತ್ತಿತ್ತು. ಆ ನಾಲ್ಕು ಗಂಟೆಯ ಕಾಯುವಿಕೆಯೇ ಪಕ್ಕದ ಮನೆಯವರನ್ನು ನಗಿಸುವ ಕಥೆಯೂ ಆಗುತ್ತಿತ್ತು.

ಇದನ್ನು ಪತ್ತೆ ಹಚ್ಚಿದ ಪ್ರಯೋಗಗಳಲ್ಲಿ ನನಗೆ ಬಲು ಮೆಚ್ಚಿಗೆಯಾದದ್ದು 1993ರದು. ಡೇನಿಯಲ್ ಕಾನೆಮನ್, ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಅವರ ಇಬ್ಬರು ಸಂಗಡಿಗರು 32 ಜನರನ್ನು ಕೂರಿಸಿ, ಅವರ ಒಂದು ಕೈಯನ್ನು 14 ಡಿಗ್ರಿ ಸೆಲ್ಸಿಯಸ್ ತಣ್ಣೀರಿನಲ್ಲಿ ಅರವತ್ತು ಸೆಕೆಂಡು ಅದ್ದಿಸಿದರು. ಹದಿನಾಲ್ಕು ಎಂದರೆ ಕೈ ಮರಗಟ್ಟುವಷ್ಟಲ್ಲ, ಆದರೆ ಮೂಳೆಗೆ ನಾಟುವ ನೋವು ಖಂಡಿತ. ಇನ್ನೊಂದು ಸರದಿಯಲ್ಲಿ ಇನ್ನೊಂದು ಕೈ. ಅದೇ 14 ಡಿಗ್ರಿ, ಅದೇ ಅರವತ್ತು ಸೆಕೆಂಡು, ಆಮೇಲೆ ಕೈ ತೆಗೆಯಲು ಬಿಡದೆ ಮತ್ತೆ ಮೂವತ್ತು ಸೆಕೆಂಡು. ಆ ಮೂವತ್ತು ಸೆಕೆಂಡುಗಳಲ್ಲಿ ನೀರಿನ ಬಿಸಿಯನ್ನು ಮೆಲ್ಲಗೆ 15 ಡಿಗ್ರಿಗೆ ಏರಿಸಿದರು. ಹದಿನೈದೂ ಹಿತವಲ್ಲ. ಹದಿನಾಲ್ಕಕ್ಕಿಂತ ತುಸು ವಾಸಿ, ಅಷ್ಟೇ. ಅರ್ಧದಷ್ಟು ಜನರಿಗೆ ಉದ್ದದ ಸರದಿ ಮೊದಲು, ಉಳಿದವರಿಗೆ ಗಿಡ್ಡದ್ದು ಮೊದಲು. ಎರಡೂ ಮುಗಿದ ಮೇಲೆ, ‘ಮೂರನೆಯ ಸರದಿ ಉಂಟು, ಹಿಂದಿನ ಎರಡರಲ್ಲಿ ಯಾವುದನ್ನು ಮತ್ತೆ ಮಾಡುತ್ತೀರಿ?’ ಎಂದು ಕೇಳಿದರು.

ಲೆಕ್ಕ ಬಲ್ಲ ಯಾರೇ ಆದರೂ ಗಿಡ್ಡದ್ದನ್ನು ಆರಿಸಬೇಕು. ಉದ್ದದ್ದರಲ್ಲಿ ಗಿಡ್ಡದ್ದರ ಪೂರ್ತಿ ನೋವು ಇದ್ದೇ ಇದೆ, ಮೇಲೆ ಮೂವತ್ತು ಸೆಕೆಂಡಿನ ಕೊಸರು. ಆದರೂ 32 ಜನರಲ್ಲಿ 22 ಮಂದಿ ಉದ್ದದ್ದನ್ನೇ ಆರಿಸಿದರು. ಶಿಖರ ಎರಡರಲ್ಲೂ ಒಂದೇ ಎತ್ತರ. ಕೊನೆ ಮಾತ್ರ ಒಂದರಲ್ಲಿ ತುಸು ಮೆತ್ತಗಿತ್ತು. ಆ ಒಂದು ಡಿಗ್ರಿಯ ಆಸೆಗೆ ಅವರು ಅರ್ಧ ನಿಮಿಷದ ನೋವನ್ನು ಹೆಚ್ಚಿಗೆ ಕೊಂಡರು.

ಓದಿ ಸುಮ್ಮನಿರಲಾರದೆ ಮನೆಯಲ್ಲೂ ಮಾಡಿ ನೋಡಿದೆ. ಬಕೆಟ್ಟಿಗೆ ಮಂಜುಗಡ್ಡೆ ಸುರಿದು, ತಾಪಮಾಪಕ ಹಿಡಿದು ಹದಿನಾಲ್ಕಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಫಲಿತಾಂಶ ಮೊದಲೇ ಗೊತ್ತಿರುವ ನಾನು ಕೈ ಅದ್ದಿ ಪ್ರಯೋಜನವಿಲ್ಲ. ಹಾಗಾಗಿ ಏನನ್ನೂ ವಿವರಿಸದೆ ಹೆಂಡತಿಯ ಕೈಯನ್ನು ಅದ್ದಿಸಿದೆ. ಅರವತ್ತಾದ ಮೇಲೆ ಲೋಟದಿಂದ ಬಿಸಿನೀರನ್ನು ಎಳೆಯೆಳೆಯಾಗಿ ಬಿಡುವಾಗ ನನ್ನ ಕೈಯೇ ನಡುಗುತ್ತಿತ್ತು. ಕೊನೆಗೆ ಗಂಭೀರವಾಗಿ, ‘ಎರಡರಲ್ಲಿ ಯಾವುದನ್ನು ಮತ್ತೆ ಮಾಡುತ್ತೀಯ?’ ಎಂದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ‘ಎರಡೂ ಬೇಡ, ಮೊದಲು ಆ ಬಕೆಟ್ಟು ಖಾಲಿ ಮಾಡಿಕೊಡಿ, ಬಟ್ಟೆ ನೆನೆಸಬೇಕು’ ಎಂದಳು. ಕಾನೆಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಮನೆಯವರ ಮೇಲೆ ಪ್ರಯೋಗ ಮಾಡಿದವರಿಗೆ ಅಂಥ ಯೋಗವಿಲ್ಲ.

ತಣ್ಣೀರಿನದು ಆಟವಾದರೆ ಆಸ್ಪತ್ರೆಯದು ಆಟವಲ್ಲ. ಕೊಲೊನೊಸ್ಕೋಪಿ ಎಂಬ ಪರೀಕ್ಷೆಯಲ್ಲಿ ಗುದದ್ವಾರದಿಂದ ನಳಿಕೆಯೊಂದನ್ನು ತೂರಿಸಿ ದೊಡ್ಡ ಕರುಳನ್ನು ನೋಡುತ್ತಾರೆ. ಮಂಪರಿನ ಮದ್ದನ್ನು ಈಗಿನಷ್ಟು ಧಾರಾಳವಾಗಿ ಕೊಡದಿದ್ದ ಕಾಲದಲ್ಲಿ, ವೈದ್ಯ ಡೊನಾಲ್ಡ್ ರೆಡೆಲ್ಮಯರ್ ಮತ್ತು ಕಾನೆಮನ್ ಈ ಪರೀಕ್ಷೆಗೆ ಒಳಗಾದ 154 ಜನರನ್ನು ಅಭ್ಯಾಸ ಮಾಡಿ 1996ರಲ್ಲಿ ಪ್ರಕಟಿಸಿದರು. ಪರೀಕ್ಷೆ ನಡೆಯುತ್ತಿರುವಾಗಲೇ ನಿಮಿಷಕ್ಕೊಮ್ಮೆ ರೋಗಿಯಿಂದ ನೋವಿನ ಅಂಕ ಪಡೆದರು. ಏನೂ ಇಲ್ಲದಿದ್ದರೆ ಸೊನ್ನೆ, ತಾಳಲಾರದ್ದಾದರೆ ಹತ್ತು. ಒಬ್ಬರದು ಎಂಟು ನಿಮಿಷದಲ್ಲಿ ಮುಗಿಯಿತು. ಆದರೆ ನೋವು ಎಂಟಕ್ಕೇರಿ, ಏಳರಲ್ಲಿ ಇರುವಾಗಲೇ ಮುಗಿಯಿತು. ಇನ್ನೊಬ್ಬರದು ಇಪ್ಪತ್ತನಾಲ್ಕು ನಿಮಿಷ ನಡೆಯಿತು. ಅವರ ನೋವೂ ಎಂಟಕ್ಕೇರಿತ್ತು, ಮುಗಿಯುವಾಗ ಒಂದಕ್ಕೆ ಇಳಿದಿತ್ತು. ನಿಮಿಷ ನಿಮಿಷದ ನೋವು ಕೂಡಿಸಿದರೆ ಎರಡನೆಯವರು ಅನುಭವಿಸಿದ್ದು ಬಹಳ ಹೆಚ್ಚು. ನಿಯಮದ ಪ್ರಕಾರ ಮೊದಲನೆಯವರ ನೆನಪಿಗೆ ಬೀಳುವ ಅಂಕ ಏಳೂವರೆ, ಎರಡನೆಯವರದು ನಾಲ್ಕೂವರೆ. ರೋಗಿಗಳ ನೆನಪು ಒಟ್ಟಿನಲ್ಲಿ ಈ ಲೆಕ್ಕವನ್ನೇ ಹಿಂಬಾಲಿಸಿತು. ಪರೀಕ್ಷೆ ಎಷ್ಟು ಹೊತ್ತು ಹಿಡಿಯಿತು ಎಂಬುದಕ್ಕೂ ಅವರ ನೆನಪಿನ ನೋವಿಗೂ ಸಂಬಂಧವೇ ಕಾಣಲಿಲ್ಲ.

ಅಲ್ಲಿಗೆ ಬಿಡಲಿಲ್ಲ ಅವರು. 2003ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 682 ಜನರಿದ್ದರು. ಚೀಟಿ ಎತ್ತಿದಂತೆ ಆಯ್ದ ಅರ್ಧದಷ್ಟು ಜನರಿಗೆ, ಪರೀಕ್ಷೆ ಮುಗಿದ ಮೇಲೂ ನಳಿಕೆಯ ತುದಿಯನ್ನು ಮೂರು ನಿಮಿಷದವರೆಗೆ ಅಲ್ಲಾಡಿಸದೆ ಒಳಗೇ ಬಿಟ್ಟರು. ಅದು ಕಿರಿಕಿರಿಯೇ, ಆದರೆ ನೋವು ಕಡಿಮೆ. ಇಷ್ಟರಿಂದಲೇ ಅವರ ನೆನಪಿನ ನೋವು ಸುಮಾರು ಶೇಕಡಾ ಹತ್ತರಷ್ಟು ಇಳಿಯಿತು. ಮುಂದೆ ಮತ್ತೆ ಪರೀಕ್ಷೆಗೆ ಬರುವವರೂ ತುಸು ಹೆಚ್ಚಿದರು. ಕಾಯಿಲೆಯನ್ನು ಬೇಗ ಕಂಡುಹಿಡಿಯಬೇಕಾದ ವೈದ್ಯನಿಗೆ ಇದು ಸಣ್ಣ ಲಾಭವಲ್ಲ. ಆದರೂ ನನಗೆ ಒಂದು ಮುಜುಗರ ಉಳಿದೇ ಇದೆ. ಮೂರು ನಿಮಿಷ ಕಿರಿಕಿರಿ ಅನುಭವಿಸಿದವನು ಒಬ್ಬ, ಆಮೇಲೆ ‘ಪರವಾಗಿಲ್ಲ’ ಎಂದು ನೆನೆಯುವವನು ಇನ್ನೊಬ್ಬ. ಇಬ್ಬರೂ ಒಂದೇ ಮೈಯಲ್ಲಿರುವುದರಿಂದ ಜಗಳ ಹೊರಗೆ ಕೇಳಿಸುವುದಿಲ್ಲ. ಬಾಗಿಲಲ್ಲಿ ಯಾರಾದರೂ ‘ಹೇಗಿತ್ತು?’ ಎಂದು ಕೇಳಿದಾಗ ಬಾಯಿ ಬಿಡುವವನು ಯಾವಾಗಲೂ ಎರಡನೆಯವನೇ.

ಮನಸ್ಸು ಹೀಗೇಕೆ ಮಾಡುತ್ತದೆ ಎಂಬುದಕ್ಕೆ ಫ್ರೆಡ್ರಿಕ್ಸನ್ ಕೊಡುವ ಉತ್ತರ ನನಗೆ ಒಪ್ಪಿಗೆಯಾಗುತ್ತದೆ. ಇಂಥದ್ದು ಮತ್ತೆ ಎದುರಾದರೆ ಎಷ್ಟು ತಾಳಿಕೊಳ್ಳಬೇಕು ಎಂಬುದನ್ನು ಶಿಖರ ಹೇಳುತ್ತದೆ. ಅದು ಮುಗಿಯಿತು, ಅದರಿಂದ ಹೀಗೆ ಹೊರಬಂದೆ ಎಂಬ ಖಾತರಿಯನ್ನು ಅಂತ್ಯ ಕೊಡುತ್ತದೆ. ಇವೆರಡು ತಿಳಿದರೆ, ಮುಂದಿನ ಸಲ ಹೋಗಬೇಕೋ ಬೇಡವೋ ಎಂದು ನಿರ್ಧರಿಸಲು ನಡುವಿನ ಗಂಟೆಗಳ ಪಟ್ಟಿ ಬೇಕಾಗುವುದಿಲ್ಲ.

ಇಷ್ಟೆಲ್ಲ ಓದಿಕೊಂಡು, ನನ್ನ ಐದೂವರೆಗೆ ವಿಜ್ಞಾನದ ಬೆಂಬಲ ಸಿಕ್ಕಿತೆಂದು ಬೀಗುತ್ತಿದ್ದಾಗ ಒಂದು ಅಡ್ಡಗಾಲು ಬಂತು. 2008ರಲ್ಲಿ ಸೈಮನ್ ಕೆಂಪ್ ಮತ್ತು ಸಂಗಡಿಗರು ನಿಯಮವನ್ನು ನಿಜವಾದ ರಜೆಗಳ ಮೇಲೇ ಪರೀಕ್ಷಿಸಿದ್ದರು. ರಜೆಯಲ್ಲಿದ್ದವರಿಂದ ದಿನದಿನದ ಸಂತೋಷದ ಅಂಕ ತರಿಸಿಕೊಂಡು, ಆಮೇಲೆ ಒಟ್ಟು ರಜೆ ಹೇಗಿತ್ತೆಂದು ಕೇಳಿದರು. ಅಲ್ಲಿ ಶಿಖರ–ಅಂತ್ಯದ ಲೆಕ್ಕ ಅಂಥ ಮಿಂಚನ್ನೇನೂ ತೋರಿಸಲಿಲ್ಲ. ಅತ್ಯಂತ ನೆನಪಿನಲ್ಲುಳಿಯುವ ಅಥವಾ ಎಂದಿನಂತಿಲ್ಲದ ಒಂದು ದಿನದ ಅಂಕ ಅದಕ್ಕಿಂತ ತುಸು ಚೆನ್ನಾಗಿ ಹೊಂದಿಕೊಂಡಿತು. ಯೋಚಿಸಿದರೆ ಸಹಜವೇ. ತಣ್ಣೀರಿನ ಬಟ್ಟಲಿನಲ್ಲಿ ಇರುವುದು ಒಂದೇ ಬಗೆಯ ಅನುಭವ, ಅದರ ಕೊನೆಯೂ ಗೆರೆ ಎಳೆದಷ್ಟು ಸ್ಪಷ್ಟ. ಪ್ರವಾಸ ಹಾಗಲ್ಲ. ಅದರ ಶಿಖರ ನಾಲ್ಕನೆಯ ದಿನದ ಕಣಿವೆಯೋ, ಆರನೆಯ ದಿನದ ಮೋರಿಯೋ? ತೀವ್ರತೆಯಲ್ಲಿ ಎರಡೂ ಕಡಿಮೆಯೇನಲ್ಲ. ಮೋರಿಯನ್ನೇ ಶಿಖರವೆಂದರೆ ನನ್ನ ಅಂಕ ಐದೂವರೆಯಿಂದ ಎರಡಕ್ಕೆ ಬೀಳುತ್ತದೆ. ‘ಸಾಕಾಗಿ ಹೋಯಿತು’ ಎಂಬ ನನ್ನ ಮಾತಿಗೆ ಅದೇ ಸರಿಯಾಗಿ ಹೊಂದುತ್ತದೆ. ಬೇಕಾದ ಉತ್ತರ ಬರುವಂತೆ ಶಿಖರವನ್ನು ಆಮೇಲೆ ಆರಿಸಿಕೊಳ್ಳಬಹುದಾದರೆ ಅದನ್ನು ನಿಯಮ ಎನ್ನುವುದು ಕಷ್ಟ.

ಇನ್ನು ಕೊನೆ. ಪ್ರವಾಸ ಮುಗಿಯುವುದು ಎಲ್ಲಿ? ಹೋಟೆಲಿನ ಕೋಣೆಯ ಬೀಗದ ಕೈ ಹಿಂದಿರುಗಿಸಿದಾಗಲೇ? ಬಸ್ಸು ಇಳಿದಾಗಲೇ? ನಾನಂತೂ ಕರಕರ ಸದ್ದು ನಿಂತ ಹೊಸ್ತಿಲಿನಲ್ಲೇ ಮುಗಿಸಿದ್ದೆ. ಹೆಂಡತಿ ಎಲ್ಲಿ ಮುಗಿಸಿದಳೆಂದು ಅವಳನ್ನೇ ಕೇಳಿದೆ. ಅವಳು ಉತ್ತರ ಕೊಡದೆ ಲೆಕ್ಕದ ಪುಸ್ತಕದ ಹಾಳೆ ತಿರುವಿದಳು. ಆರನೆಯ ದಿನದ ಎರಡರ ಕೆಳಗೆ ಹಾಳೆ ತುಂಬಿದ್ದರಿಂದ ಹಿಂಬದಿಯಲ್ಲಿ ಇನ್ನೊಂದು ಸಾಲಿತ್ತು, ನಾನು ನೋಡಿಯೇ ಇರಲಿಲ್ಲ. ‘ರಾತ್ರಿ ಹನ್ನೊಂದೂವರೆ. ಬಿಸಿನೀರ ಸ್ನಾನ. ಸ್ವಂತ ದಿಂಬು. 10.’