ರೆಕಾರ್ಡ್ ಆಗಿದೆ ಎಂದರೆ ನಡಾವಳಿ ಆಗಿದೆ ಎಂದಲ್ಲ

ಮಳೆಗಾಲದಲ್ಲಿ ಘಟ್ಟ ಹತ್ತಿಳಿಯುವ ತಾಪತ್ರಯ ಬೇಡವೆಂದು ನಮ್ಮ ಕಡೆಯ ಸಂಘಗಳು ವಿಡಿಯೋ ಮೀಟಿಂಗ್ ಮಾಡುವುದು ಈಗ ಮಾಮೂಲಿ. ಮಾತೆಲ್ಲ ಅಕ್ಷರವಾಗಿ ಬಂದ ಕಡತವನ್ನು ಹಾಗೇ ಗ್ರೂಪಿಗೆ ಹಾಕಿ 'ನಡಾವಳಿ ಕಳಿಸಿದ್ದೇನೆ' ಎನ್ನುವ ಕಾರ್ಯದರ್ಶಿಗಳೂ ಹೆಚ್ಚಾಗಿದ್ದಾರೆ. ಮೂವತ್ತು ಪುಟವನ್ನು ಯಾರೂ ಓದುವುದಿಲ್ಲ. ಓದಿದರೂ ಕೆಲಸ ಯಾರದ್ದೆಂದು ತಿಳಿಯುವುದಿಲ್ಲ. ನನ್ನ ಪ್ರಕಾರ ನಡಾವಳಿಯಲ್ಲಿ ನಿಜವಾಗಿ ಕಷ್ಟದ್ದು ಈ 'ಯಾರು' ಎಂಬ ಕಾಲಂ ಒಂದೇ.

ಉದಾಹರಣೆಗೆ ಶಿರಸಿಯ ಅಡಿಕೆ ಬೆಳೆಗಾರರ ಸಂಘವೊಂದರ ಸಭೆ ಎಂದುಕೊಳ್ಳಿ. ದಿನಾಂಕ 10 ಜುಲೈ 2025, ಗುರುವಾರ. ವಿಷಯ, ಕೊಳೆರೋಗಕ್ಕೆ ಎರಡನೇ ಸಲ ಔಷಧಿ ಹೊಡೆಯಲು ಮೈಲುತುತ್ತ ತರಿಸುವುದು. ಕಡತದಲ್ಲಿ ಹೀಗಿದೆ:

```
WEBVTT

00:18:42.000 --> 00:18:47.000
Adhyaksharu: ಮೈಲುತುತ್ತ ಸಾಲ್ತಿಲ್ಲೆ, ತರ್ಸುವ

00:19:05.000 --> 00:19:08.000
Sirsi Office: ಆಯ್ತು, ದರಕ್ಕೆ ವ್ಯಾಪಾರಿ ಹತ್ರ ನಾನು ಮಾತಾಡ್ತೆ

00:19:30.000 --> 00:19:33.000
Siddapur: ಇಪ್ಪತ್ತು ಚೀಲ ಸಾಕು

00:41:10.000 --> 00:41:18.000
Sirsi Office: ಹಳೇ ಸ್ಟಾಕ್ ಎಣಿಸಿ ಸೋಮವಾರ ಹೇಳ್ತೆ
```

ಮೇಲಿಂದ ಓದುತ್ತ ಹೋದವರು 'ಕಚೇರಿಯವರು 20 ಚೀಲ ತರಿಸುವುದು' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಇದರಲ್ಲಿ ತಪ್ಪು ಮೂರು.

ಮೊದಲನೆಯದು ಹೆಸರು. ಕಡತದಲ್ಲಿ ಕಾಣುವುದು ಲಾಗಿನ್ ಹೆಸರು, ಮಾತಾಡಿದವರದ್ದಲ್ಲ. ಕಚೇರಿಯ ಒಂದೇ ಲ್ಯಾಪ್‌ಟಾಪಿನ ಮುಂದೆ ಮ್ಯಾನೇಜರು, ಗುಮಾಸ್ತರು, ಒಬ್ಬ ನಿರ್ದೇಶಕರು ಕೂತಿದ್ದರೆ ಮೂವರ ಮಾತೂ Sirsi Office ಖಾತೆಗೇ ಬೀಳುತ್ತದೆ. ಹಾಗಾಗಿ 'ನಾನು' ಎಂದು ಬಂದಲ್ಲೆಲ್ಲ ಆ ಸಮಯಕ್ಕೆ ವಿಡಿಯೋ ಓಡಿಸಿ ದನಿ ಕೇಳಬೇಕು. ಇಡೀ ಸಭೆ ಮತ್ತೆ ನೋಡುವ ಅಗತ್ಯವಿಲ್ಲ, ಪ್ರತಿ ಕಡೆ ಅರ್ಧ ನಿಮಿಷ ಹಿಂದಿನಿಂದ ಕೇಳಿದರೆ ಸಾಕು. ನಮ್ಮ ಉದಾಹರಣೆಯಲ್ಲಿ 19:05ರದ್ದು ನಿರ್ದೇಶಕರ ದನಿ, 41:10ರದ್ದು ಮ್ಯಾನೇಜರದ್ದು. ಒಂದು ಎಚ್ಚರ: ಕಡತದ ಗಡಿಯಾರ ಸಾಮಾನ್ಯವಾಗಿ ರೆಕಾರ್ಡಿಂಗ್ ಒತ್ತಿದ ಕ್ಷಣದಿಂದ ಲೆಕ್ಕ ಹಿಡಿಯುತ್ತದೆ. ನಡುವೆ ವಿಡಿಯೋ ಕತ್ತರಿಸಿದ್ದರೆ ಎರಡೂ ತಾಳೆಯಾಗುವುದಿಲ್ಲ.

ಎರಡನೆಯದು ಅಂಕಿ. ನೆಟ್‌ವರ್ಕ್ ತಡವರಿಸಿದಾಗ ಮಾತಿನ ಬಾಲ ಕತ್ತರಿಸಿ ಹೋಗಬಹುದು, 'ಇಪ್ಪತ್ತೈದು' ಎಂದದ್ದು 'ಇಪ್ಪತ್ತು' ಆಗಿ ಕೂರಬಹುದು. ಮೊತ್ತ, ಚೀಲ, ತಾರೀಖು ಯಾವುದನ್ನೂ ಬರಹದಿಂದ ನೇರ ಎತ್ತಬಾರದು, ಕಿವಿಯಿಂದಲೇ ಖಾತ್ರಿ ಮಾಡಬೇಕು. ಅದರ ಮೇಲೂ, ಸಿದ್ದಾಪುರದವರು ಹೇಳಿದ್ದು ಅವರ ಅಂದಾಜು. ಅದಕ್ಕೆ ಅಧ್ಯಕ್ಷರು ಹ್ಞೂಂ ಎಂದಿಲ್ಲ, ಬೇರೆಯವರೂ ಒಪ್ಪಿಲ್ಲ. ಅದು ಚರ್ಚೆ, ತೀರ್ಮಾನವಲ್ಲ.

ಮೂರನೆಯದೇ ಹೆಚ್ಚು ಕಾಟ ಕೊಡುವಂಥದ್ದು. 19ನೇ ನಿಮಿಷದಲ್ಲಿ ಆದದ್ದನ್ನು 41ನೇ ನಿಮಿಷ ಬದಲಿಸಿದೆ. ಸ್ಟಾಕ್ ಎಣಿಸದೆ ಆರ್ಡರ್ ಇಲ್ಲ ಎಂದು ಅಧ್ಯಕ್ಷರು ಆಮೇಲೆ ಒಪ್ಪಿದ್ದಾರೆ ಎನ್ನಿ. ಅದಕ್ಕೇ ಕಡತವನ್ನು ಕೊನೆಯಿಂದ ಮೊದಲಿಗೆ ಓದುವುದು ಒಳ್ಳೆಯದು. ಕೊನೆಯ ಹತ್ತು ನಿಮಿಷದಲ್ಲಿ ಏನೇನು ನಿಂತಿದೆ ನೋಡಿ, ಒಂದೊಂದಕ್ಕೂ ಮೂಲ ಎಲ್ಲಿದೆ ಎಂದು ಹಿಂದೆ ಹುಡುಕುತ್ತ ಹೋಗಿ. ಹುಡುಕಲು 'ಮೈಲುತುತ್ತ' ಎಂಬ ಒಂದೇ ಪದ ಸಾಲದು. ಸಾಫ್ಟ್‌ವೇರ್ ಅದನ್ನು ನಾಲ್ಕು ಥರ ಬರೆದಿರುತ್ತದೆ, ಹವ್ಯಕ ಮಾತಂತೂ ಇನ್ನೂ ಚಿಂದಿ. 'ಚೀಲ', 'ಸ್ಟಾಕ್', 'ಔಷಧಿ' ಎಂದೂ ಹುಡುಕಬೇಕು.

ಇಷ್ಟಾದ ಮೇಲೆ ನಡಾವಳಿಯಲ್ಲಿ ನಿಲ್ಲುವುದು ಇಷ್ಟೇ:

ತೀರ್ಮಾನ: ಹಳೆಯ ದಾಸ್ತಾನು ಎಣಿಸಿದ ನಂತರ ಮೈಲುತುತ್ತ ಖರೀದಿ. (41:10)
ಕೆಲಸ 1: ದಾಸ್ತಾನು ಎಣಿಸಿ ಅಧ್ಯಕ್ಷರಿಗೆ ತಿಳಿಸುವುದು. ಹೊಣೆ: ಮ್ಯಾನೇಜರು. 14 ಜುಲೈ 2025, ಸೋಮವಾರದೊಳಗೆ.
ಕೆಲಸ 2: ವ್ಯಾಪಾರಿಯ ಹತ್ತಿರ ದರ ಕೇಳುವುದು. ಹೊಣೆ: ನಿರ್ದೇಶಕರು (ಹೆಸರು ಹಾಕಿ). ದಿನಾಂಕ: ಸಭೆಯಲ್ಲಿ ಹೇಳಿಲ್ಲ.
ಬಾಕಿ: ಎಷ್ಟು ಚೀಲ ಎಂಬುದು.

'ಸೋಮವಾರ' ಎಂದಷ್ಟೇ ಬಿಟ್ಟರೆ ಮುಂದಿನ ವಾರ ಓದಿದವರಿಗೆ ಅದು ಬೇರೆ ಸೋಮವಾರ. 'ಕಚೇರಿ', 'ಸಮಿತಿ' ಎಂದು ಹೊಣೆ ಬರೆಯುವುದೂ ಬೇಡ, ಒಂದು ಕೆಲಸಕ್ಕೆ ಒಬ್ಬರು. 'ತರ್ಸುವ' ಎಂದವರು ತರುವವರಲ್ಲ, ಅಧ್ಯಕ್ಷರ ಮೇಲೆ ಹಾಕಬೇಡಿ. ಯಾರೂ ಒಪ್ಪಿಕೊಳ್ಳದ ಕೆಲಸಕ್ಕೆ 'ಹೊಣೆ ನಿಗದಿಯಾಗಿಲ್ಲ' ಎಂದೇ ಬರೆಯಿರಿ. ಬರೆಯುವವರು ಊಹೆಯಿಂದ ಹೆಸರು ತುಂಬಿದರೆ ಮುಂದಿನ ಸಭೆಯ ಮೊದಲ ಅರ್ಧ ಗಂಟೆ ಜಗಳಕ್ಕೇ ಹೋಗುತ್ತದೆ. ಸಭೆಗೆ ಬಾರದವರ ಹೆಸರಿಗೆ ಬಿದ್ದ ಕೆಲಸವೂ ಹಾಗೇ, ಅವರು ಒಪ್ಪುವವರೆಗೆ ಅದು ಸೂಚನೆ ಮಾತ್ರ.

ಕರಡನ್ನು ಗ್ರೂಪಿಗೆ ಹಾಕುವ ಮೊದಲು ಹೊಣೆ ಹೊತ್ತವರಿಗೆ ಅವರವರ ಸಾಲು ಮಾತ್ರ ವಾಟ್ಸಾಪ್ ಮಾಡಿ, ಮಾರನೇ ದಿನದೊಳಗೆ: 'ನಿಮ್ಮ ಹೆಸರಿಗೆ ಇದು ಬಂದಿದೆ, ಸರಿಯೋ?' ಉತ್ತರ ಬಾರದಿದ್ದರೆ ಆ ಸಾಲಿನ ಪಕ್ಕ 'ಖಾತ್ರಿಯಾಗಿಲ್ಲ' ಎಂದು ಇರಲಿ. ಠರಾವು ಆಗಿದ್ದರೆ ಸೂಚಕರು, ಅನುಮೋದಕರು ಯಾರೆಂದು ಅದೇ ರೆಕಾರ್ಡಿಂಗ್‌ನಿಂದ ಕೇಳಿ ಬರೆಯಬೇಕು. ಠರಾವು ಪುಸ್ತಕದಲ್ಲಿ ಅಧ್ಯಕ್ಷರ ಸಹಿ ಬೀಳುವವರೆಗೆ ವಿಡಿಯೋ ಅಳಿಸಬೇಡಿ.